ನೈಟ್ ಡ್ಯೂಟಿಯಿಂದ ಹಗಲು ಪಾಳಿಗೆ ಬದಲಾಯಿಸಲು ಕೋರಿ ಮನವಿ

ಹುಬ್ಬಳ್ಳಿ
10 ಮಾರ್ಚ್ 2025

ಇವರಿಂದ,
ಶಿವಾನಂದ ಹೂಗಾರ
ಸ್ಟಾಫ್ ನರ್ಸ್, ಮೆಡಿಕಲ್ ಐಸಿಯು

ಇವರಿಗೆ,
ನರ್ಸಿಂಗ್ ಸೂಪರಿಂಟೆಂಡೆಂಟ್ ಅವರು
ಪ್ರತಿ: ಐಸಿಯು ಇನ್‌ಚಾರ್ಜ್ ಸಿಸ್ಟರ್ ಮತ್ತು ಎಚ್‌ಆರ್ ವಿಭಾಗ

ವಿಷಯ: ನಿದ್ರೆಯ ಕಾಯಿಲೆ ಇರುವುದು ತಪಾಸಣೆಯಲ್ಲಿ ಖಚಿತವಾಗಿರುವುದರಿಂದ ಏಪ್ರಿಲ್ ರೋಸ್ಟರ್‌ನಿಂದ ನನಗೆ ಹಗಲು ಪಾಳಿ ಕೊಡುವ ಬಗ್ಗೆ

ಮಾನ್ಯ ಮೇಡಂ,

ನನಗೆ ಷಿಫ್ಟ್ ವರ್ಕ್ ಸ್ಲೀಪ್ ಡಿಸಾರ್ಡರ್ ಇದೆ ಎಂದು ನರರೋಗ ತಜ್ಞರು ಫೆಬ್ರುವರಿ 24ರಂದು ಬರೆದುಕೊಟ್ಟಿದ್ದಾರೆ. ಕನಿಷ್ಠ ಆರು ತಿಂಗಳು ರಾತ್ರಿ ಪಾಳಿ ಮಾಡಬಾರದು, ಆಮೇಲೆ ಮತ್ತೊಮ್ಮೆ ನೋಡೋಣ ಎಂಬುದು ಅವರ ಸಲಹೆ. ಅದರಂತೆ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ನನ್ನನ್ನು ಬೆಳಗಿನ ಅಥವಾ ಮಧ್ಯಾಹ್ನದ ಪಾಳಿಗೆ ಹಾಕಬೇಕೆಂದು ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ.

ನಾನು ಈ ಆಸ್ಪತ್ರೆಗೆ ಸೇರಿದ್ದು 2016ರಲ್ಲಿ. ಇಷ್ಟು ವರ್ಷ ನೈಟ್ ಬೇಡ ಎಂದು ಒಮ್ಮೆಯೂ ಬರೆದುಕೊಟ್ಟವನಲ್ಲ ಎಂಬುದು ತಮಗೆ ಗೊತ್ತು. ಐಸಿಯುನಲ್ಲಿ ನಾವು ಬ್ರದರ್‌ಗಳು ನಾಲ್ಕೇ ಜನ. ಮನೆಯಲ್ಲಿ ಸಣ್ಣ ಮಕ್ಕಳಿರುವ ಸಿಸ್ಟರ್‌ಗಳು, ಬಸುರಿಯರು, ಊರಿನಿಂದ ಓಡಾಡುವವರು, ಇವರ ನೈಟ್‌ಗಳೆಲ್ಲ ಕೊನೆಗೆ ನಮ್ಮ ಹೆಸರಿನ ಮುಂದೆ ಬಂದು ನಿಲ್ಲುತ್ತವೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಕೋವಿಡ್ ಕಾಲದಲ್ಲಿ ಪಿಪಿಇ ಹಾಕಿಕೊಂಡು ನೈಟ್ ಮೇಲೆ ನೈಟ್ ಮಾಡಿದಾಗಲೂ ಮನೆಗೆ ಹೋಗಿ ಮಲಗಿದರೆ ಸಂಜೆ ನಾಲ್ಕರವರೆಗೆ ಎಚ್ಚರವಾಗುತ್ತಿರಲಿಲ್ಲ. ಈಗ ಹಾಗಿಲ್ಲ.

ಕಳೆದ ವರ್ಷ ದಸರಾ ಮುಗಿದ ಮೇಲೆ ಇದು ಶುರುವಾಯಿತು. ರಾತ್ರಿ 8ಕ್ಕೆ ಹ್ಯಾಂಡೋವರ್ ತೆಗೆದುಕೊಂಡರೆ ಎರಡು, ಎರಡೂವರೆಯವರೆಗೆ ನಾನು ಮೊದಲಿನ ಮನುಷ್ಯನೇ. ಮೂರು ದಾಟಿದ ಮೇಲೆ ಕಣ್ಣು ತೆರೆದಿರುತ್ತದೆ, ತಲೆ ಇರುವುದಿಲ್ಲ. ನನ್ನದೇ ಐಸಿಯು ಚಾರ್ಟ್‌ಗಳನ್ನು ಈಚೆಗೆ ತೆಗೆದು ನೋಡಿದೆ. ಒಂದರಿಂದ ಎರಡು ಗಂಟೆಯ ಕಾಲಂಗಳಲ್ಲಿ ಅಂಕಿಗಳು ಗೆರೆಯ ಮೇಲೆ ಸಾಲಾಗಿ ಕುಳಿತಿವೆ. ನಾಲ್ಕರ ಕಾಲಂನಲ್ಲಿ ಪಲ್ಸ್ ಬರೆದ ಪೆನ್ನು ಹಾಗೇ ಜಾರಿ, ಯೂರಿನ್ ಔಟ್‌ಪುಟ್ ಮನೆಯವರೆಗೂ ಒಂದು ಗೆರೆ ಎಳೆದಿದೆ. ಅಂಥ ಗೆರೆ ಒಂದೇ ವಾರದಲ್ಲಿ ಮೂರು ಕಡೆ ಸಿಕ್ಕಿತು. ಆ ಕ್ಷಣ ನಾನು ನಿದ್ದೆ ಮಾಡಿದ್ದೆ ಎಂಬುದು ನನಗೇ ತಿಳಿದಿರಲಿಲ್ಲ.

ಜನವರಿ 18ರ ಬೆಳಗಿನ ಜಾವದ ಘಟನೆಯ ಇನ್ಸಿಡೆಂಟ್ ರಿಪೋರ್ಟ್ ತಮ್ಮ ಕಡತದಲ್ಲಿದೆ. ಬರೆದುಕೊಟ್ಟವನು ನಾನೇ. ಆದರೆ ಅದು ಫಾರಂ ತುಂಬಿದ ಮಾತು. ನಡೆದದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಮಯ 4.20. ಆರನೇ ಬೆಡ್‌ನ ಸಕ್ಕರೆ ಕಾಯಿಲೆಯ ಅಜ್ಜನಿಗೆ ಇನ್ಸುಲಿನ್ ಇನ್‌ಫ್ಯೂಷನ್ ಹೋಗುತ್ತಿತ್ತು, 50 ಎಂ.ಎಲ್. ಸಲೈನ್‌ನಲ್ಲಿ 50 ಯೂನಿಟ್. ಅಂದರೆ ಒಂದು ಎಂ.ಎಲ್.ಗೆ ಒಂದು ಯೂನಿಟ್. ಸಿರಿಂಜ್ ಮುಗಿದಿತ್ತು, ಹೊಸದನ್ನು ತುಂಬಿ, ಲೇಬಲ್ ಅಂಟಿಸಿ, ಪಂಪ್‌ಗೆ ಕೂಡಿಸಿದೆ. ಗಂಟೆಗೆ 2.5 ಇಡಬೇಕಿತ್ತು. ನಾನು ಇಟ್ಟದ್ದು 25. ಡಬಲ್ ಚೆಕ್ ಮಾಡಲು ಬಂದ ಸಿಸ್ಟರ್ ಪಂಪ್‌ನ ಮುಖ ನೋಡಿ, ನನ್ನ ಮುಖ ನೋಡಿ, "ಬ್ರದರ್, ಪಾಯಿಂಟ್ ಎಲ್ಲಿ?" ಎಂದರು. ಇನ್ನೂ ಸ್ಟಾರ್ಟ್ ಒತ್ತಿರಲಿಲ್ಲ. ಅವರು ಕೇಳಿದ ಮೇಲೂ ನಾನು ಎರಡು ಸಲ ನೋಡಿದೆ, ಎರಡು ಸಲವೂ ನನಗೆ 2.5 ಎಂದೇ ಕಂಡಿತು. ಮೂರನೇ ಸಲ ತಪ್ಪು ಕಣ್ಣಿಗೆ ಬಿತ್ತು. ಹತ್ತು ಪಟ್ಟು ಇನ್ಸುಲಿನ್ ಅಂದರೆ ಏನಾಗುತ್ತಿತ್ತು ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಆ ಅಜ್ಜ ಐದು ದಿನ ಬಿಟ್ಟು ವಾರ್ಡ್‌ಗೆ ಶಿಫ್ಟ್ ಆದರು, ಹೋಗುವಾಗ ನನ್ನ ಕೈ ಹಿಡಿದು "ಚಲೋ ನೋಡಿಕೊಂಡ್ರಿ" ಎಂದರು. ಆ ಮಾತು ಈಗಲೂ ಚುಚ್ಚುತ್ತದೆ.

ಆಸ್ಪತ್ರೆಯ ಹೊರಗಿನ ಕಥೆ ಇನ್ನೊಂದಿದೆ. ನನ್ನ ಮನೆ ನವನಗರದಲ್ಲಿ. ಡಿಸೆಂಬರ್‌ನಲ್ಲಿ ಒಂದು ದಿನ ನೈಟ್ ಮುಗಿಸಿ ಹೋಗುವಾಗ ಉಣಕಲ್ ಕೆರೆಯ ಹತ್ತಿರ ಬೈಕ್ ತಾನಾಗಿ ಎಡಕ್ಕೆ ವಾಲಿತು. ನಿಲ್ಲಿಸಿ ಐದು ನಿಮಿಷ ಕೂರೋಣವೆಂದು ಕುಳಿತವನು ಹೆಲ್ಮೆಟ್ ತಲೆಯ ಮೇಲಿದ್ದಂತೆಯೇ ಒಂದೂವರೆ ಗಂಟೆ ಮಲಗಿಬಿಟ್ಟಿದ್ದೆ. ಅಂದಿನಿಂದ ನೈಟ್ ಇದ್ದಾಗ ಬೈಕ್ ಮುಟ್ಟುವುದಿಲ್ಲ, ಚಿಗರಿ ಬಸ್ಸಿನಲ್ಲೇ ಓಡಾಟ. ಅದರಲ್ಲೂ ಎರಡು ಸಲ ನವನಗರ ದಾಟಿ ಧಾರವಾಡದಲ್ಲೇ ಕಣ್ಣು ಬಿಟ್ಟಿದ್ದೇನೆ. ಮನೆಯಲ್ಲಿ ನಗುತ್ತಾರೆ, ನಗಲಿ.

ಇಷ್ಟು ನಿದ್ದೆ ಬರುವವನು ಮನೆಗೆ ಹೋಗಿ ಮಲಗಿದರಾಯಿತಲ್ಲ ಎಂದು ತಮಗೂ ಅನ್ನಿಸಬಹುದು, ನನಗೂ ಹಾಗೇ ಅನ್ನಿಸಿತ್ತು. ಕಾಯಿಲೆ ಇರುವುದು ಅಲ್ಲೇ. ಬೆಳಿಗ್ಗೆ 9.30ಕ್ಕೆ ಹಾಸಿಗೆಗೆ ಬಿದ್ದರೆ ಮಧ್ಯಾಹ್ನ 1 ಗಂಟೆಯ ಸುಮಾರಿಗೆ ಎಚ್ಚರವಾಗುತ್ತದೆ, ಮತ್ತೆ ರೆಪ್ಪೆ ಅಂಟುವುದಿಲ್ಲ. ಮೈಯೊಳಗಿನ ಗಡಿಯಾರ ಹಗಲನ್ನು ಹಗಲೆಂದೇ ಹಿಡಿದು ಕೂತಿದೆ, ನಾನು ಕೆಲಸ ಮಾಡುವ ಹೊತ್ತಿಗೆ ಅದು ಮಲಗು ಎನ್ನುತ್ತದೆ, ನಾನು ಮಲಗುವ ಹೊತ್ತಿಗೆ ಏಳು ಎನ್ನುತ್ತದೆ ಎಂದು ಡಾಕ್ಟರ್ ವಿವರಿಸಿದರು. ಬೆಳಗಿನ ಜಾವ ಮೈಯ ಉಷ್ಣತೆ ಅತಿ ಕಡಿಮೆ ಇರುವ ಹೊತ್ತಿನಲ್ಲೇ ಮಂಪರು ಹೆಚ್ಚಂತೆ. ಕೆಲವರ ಗಡಿಯಾರ ಪಾಳಿಗೆ ತಕ್ಕಂತೆ ಒಂದಿಷ್ಟು ಸರಿಯುತ್ತದೆ, ನನ್ನದು ಸರಿಯುತ್ತಿಲ್ಲ. ನನಗೀಗ 38 ವರ್ಷ, ವಯಸ್ಸಾದಂತೆ ಇದು ಇನ್ನೂ ಕಷ್ಟವಾಗುತ್ತದೆ ಎಂದೂ ಹೇಳಿದರು.

ಬರೀ ನನ್ನ ಬಾಯಿಮಾತಿನ ಮೇಲೆ ಅವರು ಸರ್ಟಿಫಿಕೇಟ್ ಕೊಟ್ಟಿಲ್ಲ. ಫೆಬ್ರುವರಿ 3ರಿಂದ 16ರವರೆಗೆ ಹದಿನಾಲ್ಕು ದಿನ ಮಲಗಿದ್ದು, ಎದ್ದದ್ದು ಎಲ್ಲವನ್ನೂ ಡೈರಿಯಲ್ಲಿ ಬರೆಸಿದರು, ಕೈಗೆ ಆ್ಯಕ್ಟಿಗ್ರಫಿ ವಾಚ್ ಕಟ್ಟಿದರು. ಆ ದಿನಗಳಲ್ಲಿ ಏಳು ನೈಟ್ ಇದ್ದವು. ನೈಟ್ ಮರುದಿನ ನಾನು ಮಲಗಿದ್ದು ಸರಾಸರಿ 3 ಗಂಟೆ 40 ನಿಮಿಷ. ಉಳಿದ ದಿನಗಳಲ್ಲಿ, ರಾತ್ರಿ ಮಲಗಿದಾಗ, 7 ಗಂಟೆಗೆ ಹತ್ತಿರ. ಹಗಲಿನ ಮಂಪರು ಅಳೆಯುವ ಎಪ್‌ವರ್ತ್ ಸ್ಕೇಲ್‌ನಲ್ಲಿ 24ಕ್ಕೆ 17 ಬಂತು, 10 ದಾಟಿದರೇ ಹೆಚ್ಚು ಎನ್ನುತ್ತಾರೆ. ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಇದೆಯೇ ಎಂದು ಒಂದು ರಾತ್ರಿ ಸ್ಲೀಪ್ ಸ್ಟಡಿ ಮಾಡಿದರು. ಉಸಿರು ಕಟ್ಟುವ ಲೆಕ್ಕ ಗಂಟೆಗೆ 2.4 ಸಲ ಬಂತು, 5ಕ್ಕಿಂತ ಕಡಿಮೆ ಇರುವುದರಿಂದ ಅದಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿಪಿ ಎಲ್ಲ ಸರಿಯಿದೆ. ಹೀಗೆ ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆಯೇ ಈ ಹೆಸರು ಬರೆದದ್ದು.

ನನ್ನ ಕೈಲಾದದ್ದನ್ನೂ ಮಾಡಿದ್ದೇನೆ. ನವೆಂಬರ್‌ನಲ್ಲೇ ಕಿಟಕಿಗೆ ಕರಿ ಬಟ್ಟೆ ಹೊಡೆದೆ. ಬೆಳಿಗ್ಗೆ ಹೊರಬೀಳುವಾಗ ತಂಪು ಕನ್ನಡಕ ಹಾಕಿಕೊಳ್ಳುತ್ತೇನೆ. ರಾತ್ರಿ ಎರಡರ ಮೇಲೆ ಚಹಾ ಬಿಟ್ಟಿದ್ದೇನೆ, ಬ್ರೇಕ್‌ನಲ್ಲಿ ಇಪ್ಪತ್ತು ನಿಮಿಷ ಅಡ್ಡಾಗುತ್ತೇನೆ. ಮನೆಯ ಮಗ್ಗುಲಲ್ಲೇ ಹಿಟ್ಟಿನ ಗಿರಣಿ ಇದೆ. ನಮ್ಮವ್ವ ಗಿರಣಿಯವರಿಗೆ ಹೇಳಿ ನನ್ನ ನೈಟ್ ಇದ್ದ ದಿನ ಖಾರ ಕುಟ್ಟುವುದನ್ನು ಮಧ್ಯಾಹ್ನದ ಮೇಲೆ ಇಡಿಸಿದ್ದಾಳೆ. ಡಾಕ್ಟರ್ ಹೇಳಿದಂತೆ ಮೆಲಟೋನಿನ್ ಕೂಡ ತೆಗೆದುಕೊಂಡೆ. ಅರ್ಧ ಗಂಟೆ ನಿದ್ದೆ ಹೆಚ್ಚಾಯಿತು, ಅಷ್ಟೇ. ಎಚ್ಚರವಾಗಿರಲು ಬೇರೆ ಮಾತ್ರೆ ಇದೆ. ಆದರೆ ಪಾಳಿ ಬದಲಾಯಿಸಲು ದಾರಿ ಇರುವಾಗ ಮಾತ್ರೆ ನುಂಗಿ ಎಚ್ಚರ ಇರುವುದು ಬೇಡ ಎಂಬುದು ಅವರ ಅಭಿಪ್ರಾಯ, ನನ್ನದೂ ಅದೇ.

ಇದನ್ನು ಹಕ್ಕಿನ ಮಾತಾಗಿ ಕೇಳುತ್ತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರಿಲ್ಲ, ಅದು ನನಗೆ ಗೊತ್ತಿದೆ. ರೋಗಿಯ ಪಕ್ಕದಲ್ಲಿ ನಿಲ್ಲಲು ನಾನು ಯೋಗ್ಯನಾಗಿರುವ ಹೊತ್ತಿನಲ್ಲಿ ನನ್ನನ್ನು ನಿಲ್ಲಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ನನ್ನೊಬ್ಬನನ್ನು ನೈಟ್‌ನಿಂದ ತೆಗೆದರೆ ತಿಂಗಳಿಗೆ ಹನ್ನೆರಡು ನೈಟ್ ಬೇರೆಯವರ ತಲೆಗೆ ಬೀಳುತ್ತವೆ. ಅದನ್ನು ಯೋಚಿಸದೆ ಈ ಪತ್ರ ಬರೆದಿಲ್ಲ. ಇನ್‌ಚಾರ್ಜ್ ಸಿಸ್ಟರ್ ಜೊತೆ ಕುಳಿತು ಮಾರ್ಚ್ ರೋಸ್ಟರ್ ಹಿಡಿದು ಲೆಕ್ಕ ಹಾಕಿದ್ದೇನೆ. ಸ್ಟೆಪ್‌ಡೌನ್ ವಾರ್ಡ್‌ನ ಇಬ್ಬರು ಐಸಿಯು ನೈಟ್ ಮಾಡಲು ತಾವಾಗಿ ಒಪ್ಪಿದ್ದಾರೆ, ಒಬ್ಬರಿಗೆ ಹಗಲು ಕಾಲೇಜು ಇದೆ, ಇನ್ನೊಬ್ಬರಿಗೆ ನೈಟ್ ಅಲೋವನ್ಸ್ ಬೇಕಾಗಿದೆ. ಅವರಿಬ್ಬರೂ ಆರಾರು ನೈಟ್ ತೆಗೆದುಕೊಂಡರೆ ನನ್ನ ಹನ್ನೆರಡು ತುಂಬುತ್ತವೆ. ಅವರಿಗೆ ವೆಂಟಿಲೇಟರ್, ಇನ್‌ಫ್ಯೂಷನ್ ಪಂಪ್ ಕೆಲಸ ಕಲಿಸಲು ನಾನು ಎರಡು ವಾರ ಹಗಲು ಪಾಳಿಯ ನಂತರ ಒಂದೊಂದು ಗಂಟೆ ಉಳಿಯುತ್ತೇನೆ. ಬದಲಿಗೆ ಅವರ ಭಾನುವಾರದ ಡ್ಯೂಟಿಗಳು ನನಗಿರಲಿ. ಹಬ್ಬದ ದಿನಗಳೂ ಅಷ್ಟೇ. ಮಾರ್ಚ್ 30ರ ಯುಗಾದಿಯ ಹಗಲು ಡ್ಯೂಟಿಗೆ ಈಗಲೇ ನನ್ನ ಹೆಸರು ಬರೆದುಕೊಳ್ಳಬಹುದು. ನೈಟ್ ಅಲೋವನ್ಸ್ ಹೋಗುತ್ತದೆ, ಮನೆಯಲ್ಲಿ ಆ ಮಾತಾಗಿದೆ.

ಐಸಿಯುನಲ್ಲೇ ಹಗಲು ಪಾಳಿ ಸಿಕ್ಕರೆ ನನಗೆ ಅದಕ್ಕಿಂತ ಬೇರೇನೂ ಬೇಡ. ಆಗದಿದ್ದರೆ ಡಯಾಲಿಸಿಸ್‌ಗೆ ಹಾಕಿ, ಬೆಳಿಗ್ಗೆ 6ರ ಮೊದಲ ಬ್ಯಾಚ್‌ಗೆ ಬರಲು ಸಿದ್ಧನಿದ್ದೇನೆ. ಪ್ರೀ-ಆಪ್ ಆದರೂ ಸರಿ. ಒಪಿಡಿ ಮಾತ್ರ ಕೊನೆಯ ಆಯ್ಕೆಯಾಗಿರಲಿ, ಒಂಬತ್ತು ವರ್ಷದ ಬೆಡ್‌ಸೈಡ್ ಕೆಲಸ ಟೋಕನ್ ಕೂಗುವುದರಲ್ಲಿ ಹೋಗಬಾರದು ಎಂಬುದು ನನ್ನ ಸ್ವಾರ್ಥ.

ಈ ತಿಂಗಳ ರೋಸ್ಟರ್‌ನಲ್ಲಿ ನನಗೆ ಇನ್ನೂ ಐದು ನೈಟ್ ಉಳಿದಿವೆ. ಬದಲಿ ಸಿಗುವವರೆಗೆ ಬರುವುದಿಲ್ಲ ಎನ್ನುವುದಿಲ್ಲ. ಆದರೆ ಆ ಐದು ರಾತ್ರಿ ಮೂರು ಗಂಟೆಯ ನಂತರ ಇನ್ಸುಲಿನ್, ನಾರ್‌ಅಡ್ರಿನಲಿನ್, ಹೆಪಾರಿನ್, ಪೊಟ್ಯಾಸಿಯಂ ಇವುಗಳ ಪಂಪ್ ಸೆಟ್ಟಿಂಗ್ ನನ್ನ ಕೈಯಿಂದ ಮಾಡಿಸಬೇಡಿ. ಬೇರೆಯವರು ಸೆಟ್ ಮಾಡಲಿ, ಅವರ ಬೆಡ್‌ನ ಪೊಸಿಷನ್ ಬದಲಾವಣೆ, ಸಕ್ಷನ್, ಸ್ಪಂಜಿಂಗ್ ನಾನು ಮಾಡುತ್ತೇನೆ. ಕೈಕಾಲು ಆಡುತ್ತಿದ್ದರೆ ಮಂಪರೂ ಕಡಿಮೆ. ಇದಕ್ಕೆ ಇನ್‌ಚಾರ್ಜ್ ಸಿಸ್ಟರ್ ಒಪ್ಪಿದ್ದಾರೆ, ತಾವು ಒಂದು ಸಾಲು ಬರೆದುಕೊಟ್ಟರೆ ನೈಟ್ ಸೂಪರ್‌ವೈಸರ್‌ಗೂ ಸ್ಪಷ್ಟವಾಗುತ್ತದೆ.

ಡಾಕ್ಟರ್ ಸರ್ಟಿಫಿಕೇಟ್, ಹದಿನಾಲ್ಕು ದಿನದ ಡೈರಿಯ ನಕಲು, ಸ್ಲೀಪ್ ಸ್ಟಡಿ ರಿಪೋರ್ಟ್ ಮತ್ತು ಸ್ಟೆಪ್‌ಡೌನ್ ವಾರ್ಡ್‌ನ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಇದರ ಜೊತೆಗಿವೆ. ಆಸ್ಪತ್ರೆಯ ಕಡೆಯಿಂದ ಇನ್ನೊಬ್ಬ ವೈದ್ಯರು ನೋಡಬೇಕೆಂದರೆ ಯಾವತ್ತು ಹೇಳಿದರೂ ಬರುತ್ತೇನೆ. ಕಾಯಿಲೆಯ ವಿವರ ತಮ್ಮಲ್ಲಿ, ಎಚ್‌ಆರ್‌ನಲ್ಲಿ ಮತ್ತು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತ್ರ ಇರಲಿ ಎಂದು ಕೋರುತ್ತೇನೆ. ಪ್ಯಾಂಟ್ರಿಯಲ್ಲಿ ಇದು "ಬ್ರದರ್‌ಗೆ ನಿದ್ದೆ ರೋಗ" ಎಂದಾಗಲು ಒಂದು ಚಹಾದ ಹೊತ್ತು ಸಾಕು.

ಏಪ್ರಿಲ್ ರೋಸ್ಟರ್ 25ಕ್ಕೆ ಬೋರ್ಡ್‌ಗೆ ಬರುತ್ತದೆ. ಅದಕ್ಕೆ ಮೊದಲು ಹತ್ತು ನಿಮಿಷ ಸಮಯ ಕೊಟ್ಟರೆ ಖುದ್ದಾಗಿ ಬಂದು ಮಾತನಾಡುತ್ತೇನೆ. ಈ ವಾರ ಪೂರ್ತಿ ನನಗೆ ಮಧ್ಯಾಹ್ನದ ಪಾಳಿ ಇರುವುದರಿಂದ 1 ಗಂಟೆಯ ನಂತರ ಯಾವಾಗ ಕರೆದರೂ ಆಸ್ಪತ್ರೆಯಲ್ಲೇ ಇರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶಿವಾನಂದ ಹೂಗಾರ
ಸ್ಟಾಫ್ ನರ್ಸ್, ಮೆಡಿಕಲ್ ಐಸಿಯು