ಡಿಸೆಂಬರ್ ರಿವ್ಯೂನಲ್ಲಿ ಹೊಸ ಮಾತು ಬೇಡ: ವರ್ಷವಿಡೀ ಬರೆದಿಡುವ ಬಗ್ಗೆ ಮ್ಯಾನೇಜರ್‌ಗಳಿಗೆ

ಎಲ್ಲ ಟೀಮ್ ಮ್ಯಾನೇಜರ್‌ಗಳಿಗೆ,

ಈ ವರ್ಷದಿಂದ ನಮ್ಮಲ್ಲಿ ಒಂದು ಹೊಸ ನಿಯಮ. ಡಿಸೆಂಬರ್ ರಿವ್ಯೂನಲ್ಲಿ ನಿಮ್ಮ ಟೀಮಿನವರು ಮೊದಲ ಸಲ ಕೇಳುವ ಮಾತು ಒಂದೂ ಇರಬಾರದು. ಹೊಗಳಿಕೆ ಇರಲಿ, ಕೊರತೆ ಇರಲಿ, ಫಾರ್ಮಿನಲ್ಲಿ ನೀವು ಬರೆಯುವ ಪ್ರತಿ ಸಾಲಿನ ಬಗ್ಗೆ ಮೊದಲೇ ಅವರ ಜೊತೆ ಕೂತು ಮಾತಾಡಿರಬೇಕು, ಆ ಮಾತು ಬರಹದಲ್ಲಿ ಇರಬೇಕು, ಬರೆದದ್ದನ್ನು ಅವರೂ ಓದಿರಬೇಕು.

ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ನನಗೊಂದು ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬೇರೊಂದು ಕಡೆ, ನನ್ನ ರಿವ್ಯೂ ಫಾರ್ಮಿನಲ್ಲಿ ಒಂದು ಸಾಲಿತ್ತು: 'ಗ್ರಾಹಕರ ಜೊತೆ ಮಾತಾಡುವಾಗ ತಾಳ್ಮೆ ಸಾಲದು.' ಯಾವಾಗ ಹಾಗಾಯಿತು ಅಂತ ನನ್ನ ಮ್ಯಾನೇಜರ್ ಅವರನ್ನು ಕೇಳಿದೆ. ಮಾರ್ಚ್‌ನಲ್ಲಿ ಒಂದು ಫೋನ್ ಕಾಲ್, ನೆನಪಿಲ್ವಾ ಅಂದರು. ನಾವು ಕೂತಿದ್ದು ಡಿಸೆಂಬರ್‌ನಲ್ಲಿ. ನಡುವಿನ ಒಂಬತ್ತು ತಿಂಗಳು ನಾನು ದಿನಾ ಗ್ರಾಹಕರ ಜೊತೆ ಮಾತಾಡಿದ್ದೆ, ಒಂದು ದಿನವೂ ಈ ವಿಷಯ ನನ್ನ ಕಿವಿಗೆ ಬಿದ್ದಿರಲಿಲ್ಲ. ಅವರು ಕೆಟ್ಟವರೇನಲ್ಲ, ಆಮೇಲೆ ಹೇಳಿದರಾಯಿತು ಅಂತ ಮುಂದೂಡಿದ್ದರು, ಅಷ್ಟೇ. ಆದರೆ ಆವತ್ತಿನ ಮೇಲೆ ಅವರು ಚೆನ್ನಾಗಿದೆ ಅಂದಾಗಲೂ ನನಗೆ ನಂಬಿಕೆ ಬರುತ್ತಿರಲಿಲ್ಲ. ಮನಸ್ಸಿನಲ್ಲಿ ಇನ್ನೇನು ಇಟ್ಟುಕೊಂಡಿದ್ದಾರೋ ಅಂತಲೇ ಅನ್ನಿಸುತ್ತಿತ್ತು.

ನೆನಪನ್ನು ನಂಬಿ ಕೂರಬೇಡಿ

ನನಗೆಲ್ಲ ನೆನಪಿರುತ್ತೆ, ಬರೆಯೋದು ಯಾಕೆ ಅಂತ ಕೆಲವರು ಕೇಳುತ್ತಾರೆ. ಯಾರಿಗೂ ಇರೋದಿಲ್ಲ. ಹರ್ಮನ್ ಎಬಿಂಗ್‌ಹಾಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಪದಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆ, ಮೊದಲ ದಿನದಲ್ಲೇ ಜಾಸ್ತಿ, ಆಮೇಲೆ ನಿಧಾನ. ಮಾತುಕತೆ ಅರ್ಥವಿಲ್ಲದ ಪದ ಅಲ್ಲ, ನಿಜ. ಆದರೂ ಯಾರು ಯಾವ ಪದ ಬಳಸಿದರು, ಯಾವ ದಿನಕ್ಕೆ ಒಪ್ಪಿದರು ಅನ್ನೋದು ಬೇಗನೆ ಕರಗುತ್ತೆ. ಹಾಗಾಗಿ ನೋಟ್ ಅದೇ ದಿನ ಬರೆಯಿರಿ. ವಾರಾಂತ್ಯಕ್ಕೆ ಒಟ್ಟಿಗೆ ಬರೆಯುತ್ತೇನೆ ಅಂದರೆ, ಬರೆದದ್ದು ನಡೆದದ್ದಾಗಿರೋದಿಲ್ಲ, ನಿಮಗೆ ಅನ್ನಿಸಿದ್ದಾಗಿರುತ್ತೆ.

ಇನ್ನೊಂದು ತೊಂದರೆ, ನೆನಪಿನಲ್ಲಿ ಕೊನೆಯದೇ ದೊಡ್ಡದಾಗಿ ಕಾಣೋದು. ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಅಚ್ಚುಕಟ್ಟಾಗಿ ಕೆಲಸ ಮಾಡಿದವರು ನವೆಂಬರ್‌ನಲ್ಲಿ ಒಂದು ಸಲ ಎಡವಿದರೆ ರಿವ್ಯೂ ತುಂಬ ಆ ನವೆಂಬರ್ರೇ ಇರುತ್ತೆ. ವರ್ಷವೆಲ್ಲ ಸುಮ್ನೆ ಇದ್ದು ಕೊನೆಯ ಆರು ವಾರ ಮಿಂಚಿದವರಿಗೆ ಒಳ್ಳೆಯ ರೇಟಿಂಗ್ ಸಿಗುತ್ತೆ. ಇದು ಟೀಮಿನ ಉಳಿದವರಿಗೆ ಚೆನ್ನಾಗಿ ಗೊತ್ತಾಗುತ್ತೆ, ನಿಮಗೆ ಹೇಳೋದಿಲ್ಲ ಅಷ್ಟೇ.

ಏನು ಬರೆಯಬೇಕು

ಐದಾರು ಸಾಲು ಸಾಕು. ನೋಡಿದ್ದು ಏನು, ಅದರಿಂದ ಏನಾಯಿತು, ಅವರು ಏನಂದರು, ಇಬ್ಬರೂ ಏನು ಒಪ್ಪಿದೆವು, ಮತ್ತೆ ಯಾವಾಗ ನೋಡೋದು. ಜಾನ್ ಫ್ಲಾನಗನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲಿ ಒಂದು ವಿಧಾನದ ಬಗ್ಗೆ ವಿವರವಾಗಿ ಬರೆದಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಪಡೆಯವರ ಕೆಲಸ ನೋಡುತ್ತಾ ಬೆಳೆದ ವಿಧಾನ ಅದು: ಒಬ್ಬರ ಸ್ವಭಾವ ಹೀಗೆ ಹಾಗೆ ಅನ್ನೋ ಬದಲು, ಕೆಲಸ ಕೈಗೂಡಿದ ಅಥವಾ ಕೆಟ್ಟ ನಿಜವಾದ ಘಟನೆಗಳನ್ನೇ ಕೂಡಿಸಿಡೋದು. ನಮ್ಮ ನೋಟ್ ಕೂಡ ಅದೇ ಜಾತಿಯದ್ದು.

ಕಳೆದ ವರ್ಷ ನಮ್ಮಲ್ಲೇ ಒಬ್ಬ ಮ್ಯಾನೇಜರ್ ಬರೆದ ಒಂದು ನೋಟ್ ಹೀಗಿತ್ತು: 'ರಿಪೋರ್ಟ್ ವಿಷಯದಲ್ಲಿ ಸೀರಿಯಸ್‌ನೆಸ್ ಇಲ್ಲ. ಹೇಳಿದ್ದೇನೆ.' ಆರು ತಿಂಗಳಾದ ಮೇಲೆ ಇದರಿಂದ ಬರೆದವರಿಗೂ ಏನೂ ತಿಳಿಯಲಿಲ್ಲ. ಅವರ ಜೊತೆ ಕೂತು ಅದನ್ನೇ ಮತ್ತೆ ಬರೆಸಿದಾಗ ಬಂದದ್ದು ಇದು, ಅವರ ಒಪ್ಪಿಗೆ ಪಡೆದು ಗುರುತು ಸಿಗದ ಹಾಗೆ ಕೊಡುತ್ತಿದ್ದೇನೆ:

'ಮೇ 14. ಏಪ್ರಿಲ್ ರಿಪೋರ್ಟ್ 5ನೇ ತಾರೀಕಿನ ಬದಲು 8ಕ್ಕೆ ಬಂತು. ಮಾರ್ಚ್‌ನದ್ದೂ 2 ದಿನ ತಡವಾಗಿತ್ತು. ಎರಡೂ ತಿಂಗಳು ಪೇಮೆಂಟ್ ಟೀಮ್ ಕಾಯಬೇಕಾಯಿತು. ಅವರು ಹೇಳಿದ್ದು: ಗೋದಾಮಿನಿಂದ ಲೆಕ್ಕ ಬರೋದೇ 4ರ ಸಂಜೆ, ಒಂದೇ ರಾತ್ರಿಯಲ್ಲಿ ತಾಳೆ ನೋಡೋಕೆ ಆಗಲ್ಲ. ಒಪ್ಪಿದ್ದು: ಗೋದಾಮಿನವರ ಜೊತೆ ನಾನು ಮಾತಾಡಿ 2ನೇ ತಾರೀಕಿಗೆ ಲೆಕ್ಕ ಸಿಗುವ ಹಾಗೆ ಮಾಡುತ್ತೇನೆ. ಮೇ ರಿಪೋರ್ಟ್ ಜೂನ್ 5ಕ್ಕೆ. ಜೂನ್ 8ಕ್ಕೆ ಮತ್ತೆ ಮಾತಾಡೋದು.'

ಇದರಲ್ಲಿ 'ಅವರು ಹೇಳಿದ್ದು' ಅನ್ನುವ ಸಾಲು ಇಲ್ಲದೆ ಹೋಗಿದ್ದರೆ ಗೋದಾಮಿನ ಕಥೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ? ಅದರ ಕೆಳಗಿನ ಸಾಲು ಇನ್ನೂ ಮುಖ್ಯ. ಮ್ಯಾನೇಜರ್ ಮಾಡಬೇಕಾದ ಕೆಲಸವೂ ಅಲ್ಲಿ ದಾಖಲಾಗಿದೆ. ಜೂನ್ 8ಕ್ಕೆ ರಿಪೋರ್ಟ್ ಮತ್ತೆ ತಡವಾಗಿದ್ದು, ಗೋದಾಮಿಗೆ ಮಾಡಬೇಕಿದ್ದ ಮಾತೇ ಆಗಿಲ್ಲ ಅಂದರೆ, ಆ ತಡದ ಹೊಣೆ ಅವರೊಬ್ಬರ ಮೇಲೆ ಹೊರಿಸೋಕೆ ಆಗಲ್ಲ. ನೀವು ಒಪ್ಪಿಕೊಂಡದ್ದನ್ನು ಬಿಟ್ಟು ಅವರು ಒಪ್ಪಿಕೊಂಡದ್ದನ್ನು ಮಾತ್ರ ಬರೆದ ನೋಟನ್ನು ನಾವು ಲೆಕ್ಕಕ್ಕೆ ತಗೊಳ್ಳೋದಿಲ್ಲ.

ಸೋಮಾರಿ, ಆಸಕ್ತಿ ಇಲ್ಲ, ಧೋರಣೆ ಸರಿಯಿಲ್ಲ, ಇಂಥ ಪದಗಳು ನೋಟಿನಲ್ಲಿ ಬೇಡ. ಹಾಗೆ ಬರೆಯಬೇಕು ಅನ್ನಿಸಿದಾಗ, ನನಗೆ ಹಾಗನ್ನಿಸೋಕೆ ಏನು ನೋಡಿದೆ ಅಂತ ನಿಮ್ಮನ್ನೇ ಕೇಳಿಕೊಂಡು ಆ ನೋಡಿದ್ದನ್ನು ಬರೆಯಿರಿ. ಆರೋಗ್ಯ, ಮನೆಯ ವಿಷಯ, ಮದುವೆ, ಬಸಿರು, ಸಾಲ, ನಂಬಿಕೆ, ಇವು ಯಾವುವೂ ಬರಕೂಡದು, ಅವರೇ ಹೇಳಿಕೊಂಡರೂ. 'ವೈಯಕ್ತಿಕ ಕಾರಣಕ್ಕೆ ಎರಡು ವಾರ ಕೆಲಸ ಕಡಿಮೆ ಮಾಡಲು ಒಪ್ಪಿದೆವು' ಅಂತ ಬರೆದರೆ ಸಾಕು. ಕಿರುಕುಳ, ಮೋಸ, ಬೆದರಿಕೆ ಅಂತ ಏನಾದರೂ ಮಾತಿನಲ್ಲಿ ಬಂದರೆ ಅದು ಈ ನೋಟಿನ ವಿಷಯವೇ ಅಲ್ಲ. ಅದೇ ದಿನ ಹೆಚ್‌ಆರ್‌ಗೆ ತನ್ನಿ.

ಮೊದಲು ಮಾತು, ಆಮೇಲೆ ಬರಹ

ಮುಖಕ್ಕೆ ಹೇಳಲಾಗದ್ದನ್ನು ನೋಟಿನಲ್ಲಿ ತುಂಬಬೇಡಿ. ಮಾತಾಡುವಾಗ ಹದಿನೈದು ನಿಮಿಷ ಬರೀ ಚೆನ್ನಾಗಿ ಮಾತಾಡಿ, ಸಂಜೆ ಮೇಲ್‌ನಲ್ಲಿ ನಾಲ್ಕು ತಪ್ಪು ಪಟ್ಟಿ ಮಾಡಿ ಕಳಿಸಿದರೆ ಡಿಸೆಂಬರ್‌ನ ಪೆಟ್ಟನ್ನೇ ಮೇ ತಿಂಗಳಿಗೆ ತಂದಂತಾಯಿತು. ಮಾತು ಮುಗಿಸುವಾಗ 'ಇದನ್ನು ಹೀಗೆ ಬರೆದುಕೊಳ್ಳುತ್ತೇನೆ' ಅಂತ ಒಂದೆರಡು ವಾಕ್ಯ ಬಾಯಲ್ಲೇ ಹೇಳಿ. ಸಂಜೆಯೊಳಗೆ ನೋಟ್ ಕಳಿಸಿ, ತಪ್ಪಿದ್ದರೆ ಮೂರು ದಿನದಲ್ಲಿ ತಿದ್ದಿ ಅಂತ ಬರೆಯಿರಿ. ಅವರು ಒಪ್ಪದಿದ್ದರೆ ಅವರ ಮಾತನ್ನು ಅವರ ಪದಗಳಲ್ಲೇ ನಿಮ್ಮದರ ಕೆಳಗೆ ಸೇರಿಸಿ. ವಾದ ಮಾಡಿ ಒಪ್ಪಿಸೋ ಅಗತ್ಯ ಇಲ್ಲ. ಎರಡು ಅಭಿಪ್ರಾಯ ಒಂದೇ ಪುಟದಲ್ಲಿ ಇದ್ದರೆ ಏನೂ ಕೆಡೋದಿಲ್ಲ. ಉತ್ತರವೇ ಬರಲಿಲ್ಲ ಅಂದರೆ ಒಪ್ಪಿದರು ಅಂತ ತಿಳಿಯಬೇಡಿ, ಮುಂದಿನ ಸಲ ಕೂತಾಗ ಕೇಳಿ.

ಗುಟ್ಟಾಗಿ ಇನ್ನೊಂದು ಫೈಲ್ ಇಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಒಬ್ಬರ ಕೆಲಸದ ಬಗ್ಗೆ ನೀವು ಬರೆದದ್ದನ್ನು ಅವರು ಓದಬಾರದು ಅಂತ ನಿಮಗನ್ನಿಸಿದರೆ, ಒಂದೋ ಅದು ಬರೆಯುವಂಥದ್ದಲ್ಲ, ಇಲ್ಲವೇ ಮೊದಲು ಅವರಿಗೆ ಹೇಳಬೇಕಾದದ್ದು. ಹಾಗೆಯೇ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡೋದು ಬೇಡ. ಇಬ್ಬರ ನಡುವೆ ಫೋನ್ ಓಡುತ್ತಿದ್ದರೆ ಯಾರೂ ನಿಜ ಹೇಳೋದಿಲ್ಲ.

ಎಷ್ಟು ಸಲ ಅಂದರೆ, ತಿಂಗಳಿಗೆ ಒಂದು ನೋಟ್ ಕಡ್ಡಾಯ, ಪ್ರತಿಯೊಬ್ಬರಿಗೂ. ಎಡವಿದವರಿಗೆ ಮಾತ್ರ ಬರೆಯೋಕೆ ಶುರು ಮಾಡಿದರೆ ನೋಟ್ ಅಂದರೆ ಶಿಕ್ಷೆ ಅನ್ನೋ ಅರ್ಥ ಬಂದುಬಿಡುತ್ತೆ. ಚೆನ್ನಾಗಿ ಮಾಡಿದ್ದನ್ನೂ ಅಷ್ಟೇ ಬಿಡಿಸಿ ಬರೆಯಿರಿ. 'ಗುಡ್ ಜಾಬ್' ಅಂದರೆ ಯಾವುದನ್ನು ಮತ್ತೆ ಮಾಡಬೇಕು ಅಂತ ಅವರಿಗೆ ತಿಳಿಯೋದಿಲ್ಲ. 'ಆಗಸ್ಟ್ 20ರಂದು ಸರ್ವರ್ ನಿಂತಾಗ, ಯಾರೂ ಹೇಳದೆ ಇದ್ದರೂ ಅರ್ಧ ಗಂಟೆಗೊಮ್ಮೆ ಎಲ್ಲ ಟೀಮಿಗೂ ಸ್ಥಿತಿ ತಿಳಿಸಿದರು, ಸಪೋರ್ಟ್‌ನವರಿಗೆ ಗ್ರಾಹಕರಿಗೆ ಏನು ಹೇಳಬೇಕು ಅಂತ ಗೊತ್ತಿತ್ತು' ಅಂತ ಬರೆದರೆ ತಿಳಿಯುತ್ತೆ. ದನಿ ಎತ್ತಿ ಮಾತಾಡದವರು, ದೂರದಿಂದ ಕೆಲಸ ಮಾಡುವವರು ಮಾಡಿದ್ದು ನಿಮ್ಮ ಕಣ್ಣಿಗೆ ಬೀಳೋದು ಕಡಿಮೆ, ಅವರಿಗೆ ಈ ನೋಟ್ ತುಂಬಾ ಬೇಕು. ತಿಂಗಳ ಮಾತಿನ ಶುರುವಿನಲ್ಲೇ 'ನಾನು ನೋಡದ ಕೆಲಸ ಯಾವುದು ಮಾಡಿದಿರಿ' ಅಂತ ಅವರನ್ನು ಕೇಳಿ.

ಗುರಿ ಬದಲಾದ ದಿನವೂ ಒಂದು ನೋಟ್ ಬರೆಯಿರಿ. ಜನವರಿಯಲ್ಲಿ ಹಾಕಿದ ಟಾರ್ಗೆಟ್ ಜುಲೈನಲ್ಲಿ ಕೈಬಿಟ್ಟಿರುತ್ತೀರಿ, ಡಿಸೆಂಬರ್ ಫಾರ್ಮಿನಲ್ಲಿ ಅದು ಹಾಗೇ ಕೂತಿರುತ್ತೆ, ಅವರಿಗೆ 'ಮುಟ್ಟಿಲ್ಲ' ಅಂತ ಬೀಳುತ್ತೆ. ಇದು ನಾನು ಅತಿ ಹೆಚ್ಚು ಸಲ ಕಂಡ ಅನ್ಯಾಯ.

ನೋಟ್ ಬರೆಯೋದು ಮರೆತುಹೋದರೆ ಹಳೇ ತಾರೀಕು ಹಾಕಿ ಬರೆಯಬೇಡಿ. 'ಮೇ 14ರ ಮಾತುಕತೆ, ಬರೆದದ್ದು ಮೇ 30' ಅಂತ ಇದ್ದದ್ದು ಇದ್ದ ಹಾಗೆ ಹಾಕಿ. ನೀವು ಬೇರೆ ಟೀಮಿಗೆ ಹೋಗುವಾಗ, ಹೊಸ ಮ್ಯಾನೇಜರ್ ಜೊತೆ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಮೂರೂ ಜನ ಒಟ್ಟಿಗೆ ನೋಟ್ ಓದಿ. ಅವರಿಲ್ಲದ ಜಾಗದಲ್ಲಿ ಅವರ ಬಗ್ಗೆ ಬ್ರೀಫಿಂಗ್ ಬೇಡ.

ಜೂನ್ ಮತ್ತು ನವೆಂಬರ್

ಜೂನ್ ಕೊನೆಯ ವಾರ ಇಬ್ಬರೂ ಆರು ತಿಂಗಳ ನೋಟ್ ಓದಿ, ಅರ್ಧ ಗಂಟೆ ಕೂತು, ಇವತ್ತೇ ರಿವ್ಯೂ ಬರೆದರೆ ಏನು ಬರೆಯುತ್ತಿದ್ದೆ ಅಂತ ನೇರವಾಗಿ ಹೇಳಿ. 'ಈಗಿನ ಹಾಗೇ ಹೋದರೆ ನಿರೀಕ್ಷೆಗಿಂತ ಕಡಿಮೆ ಅನ್ನುವ ರೇಟಿಂಗ್ ಬರುತ್ತೆ' ಅಂತ ಹೇಳೋದು ಕಷ್ಟ, ಬಾಯಿ ಬರೋದಿಲ್ಲ, ನನಗೂ ಬರೋದಿಲ್ಲ. ಆದರೂ ಹೇಳಿ. ಇನ್ನೂ ಆರು ತಿಂಗಳು ಅವರ ಕೈಯಲ್ಲಿದೆ.

ನವೆಂಬರ್‌ನಲ್ಲಿ ರಿವ್ಯೂ ಬರೆಯುವಾಗ ನೋಟ್‌ಗಳನ್ನು ಜನವರಿಯಿಂದ ಓದುತ್ತಾ ಬನ್ನಿ, ಕೊನೆಯ ತಿಂಗಳಿಂದ ಹಿಂದಕ್ಕೆ ಅಲ್ಲ. ಬರೆದಾದ ಮೇಲೆ ಪ್ರತಿ ಸಾಲಿನ ಪಕ್ಕ ಅದು ಯಾವ ತಾರೀಕಿನ ನೋಟಿನಿಂದ ಬಂತು ಅಂತ ಹಾಕಿ. ತಾರೀಕು ಸಿಗದ ಸಾಲನ್ನು ತೆಗೆದುಬಿಡಿ. ಆ ವಿಷಯ ನಿಜಕ್ಕೂ ದೊಡ್ಡದು, ಬಿಡೋಕೆ ಆಗಲ್ಲ ಅನ್ನಿಸಿದರೆ ಈಗಲೇ ಹೋಗಿ ಅವರ ಜೊತೆ ಮಾತಾಡಿ, ಅವರ ಮಾತು ಕೇಳಿ, ಮುಂದಿನ ವರ್ಷದ ಮೊದಲ ನೋಟ್ ಮಾಡಿ. ಈ ವರ್ಷದ ರೇಟಿಂಗ್‌ಗೆ ಅದು ಸೇರೋದಿಲ್ಲ. ತಾರೀಕಿಲ್ಲದ ಸಾಲಿರುವ ಫಾರ್ಮನ್ನು ಹೆಚ್‌ಆರ್ ವಾಪಸ್ ಕಳಿಸುತ್ತೆ.

ನೋಟ್‌ಗಳು ರಿವ್ಯೂ ಫೋಲ್ಡರ್‌ನಲ್ಲಿ, ಪ್ರತಿಯೊಬ್ಬರ ಹೆಸರಿನ ಫೈಲ್‌ನಲ್ಲಿ ಇರಲಿ. ಅದನ್ನು ನೋಡಬಲ್ಲವರು ಅವರು, ನೀವು ಮತ್ತು ಹೆಚ್‌ಆರ್ ಮಾತ್ರ. ನಿಮ್ಮ ಟೀಮಿನ ಪ್ರತಿಯೊಬ್ಬರ ಜೊತೆ ಮೊದಲ ಮಾತು ಈ ತಿಂಗಳು 31ರೊಳಗೆ ಆಗಲಿ. ಮೊದಲ ನೋಟ್ ಹೇಗೆ ಬರೆಯೋದು ಅಂತ ತೋಚದಿದ್ದರೆ ಕರಡು ತಗೊಂಡು ಬನ್ನಿ. ಮಂಗಳವಾರ, ಗುರುವಾರ ಮಧ್ಯಾಹ್ನ 3ರಿಂದ 5ರವರೆಗೆ ನಾನು ಇದಕ್ಕೇ ಅಂತ ಖಾಲಿ ಇಟ್ಟುಕೊಂಡಿದ್ದೇನೆ.