ಭಟ್ಟರಿಗೆ, ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯಿಂದ

ಚಿಕ್ಕಮಗಳೂರು
17 ನವೆಂಬರ್ 2025

ಭಟ್ಟರಿಗೆ ನಮಸ್ಕಾರಗಳು.

ನಾನು ಗೌಡ್ರ ಮಗಳು. ಹೀಗೆಂದರೇ ನಿಮಗೆ ಬೇಗ ಗುರುತು ಸಿಗುವುದು. ದಾವಣಗೆರೆಯಲ್ಲಿ ಮನೆಯವರೆಲ್ಲ ಕ್ಷೇಮ ಎಂದುಕೊಂಡಿದ್ದೇನೆ.

ದೀಪಾವಳಿ ಮುಗಿದ ಮೇಲೆ ಹಳೇ ಲೆಕ್ಕ ನೋಡುತ್ತಾ ಕೂತಿದ್ದೆ. ನಿಮ್ಮ ಹಾಳೆಯಲ್ಲಿ ನಾವು ಕೊಡಬೇಕಾದ 960 ರೂಪಾಯಿ ಹಾಗೇ ಉಳಿದಿದೆ. ಕಳೆದ ವರ್ಷ ಅಕ್ಟೋಬರಿನಲ್ಲಿ ಕಳಿಸಿದ 20 ಕೆಜಿಯಲ್ಲಿ ಎರಡು ಪ್ಯಾಕೆಟ್ ಬಸ್ಸಿನಲ್ಲೇ ಒಡೆದು, ಪುಡಿಯ ಘಮವೆಲ್ಲ ಹೋಗಿತ್ತು. ಮುಂದಿನ ಲೋಡಿನಲ್ಲಿ ಸರಿ ಮಾಡುತ್ತೇವೆ ಎಂದು ಅಪ್ಪ ಹೇಳಿದ್ದರು. ಆ ಹಣವನ್ನು ಇವತ್ತು ಬೆಳಿಗ್ಗೆ ನಿಮ್ಮ ಹೋಟೆಲಿನ ನಂಬರಿಗೆ ಹಾಕಿದ್ದೇನೆ. ಇಷ್ಟು ತಡವಾದದ್ದು ನಮ್ಮ ತಪ್ಪು.

ಪುಸ್ತಕ ತೆರೆದ ಮೇಲೆ ಇನ್ನೊಂದು ವಿಷಯವೂ ನೆನಪಾಯಿತು. ಆ ತಿಂಗಳುಗಳಲ್ಲಿ ನಾವು ಮೂರು ಸಲ ದರ ಏರಿಸಿದೆವು. ವಿಯೆಟ್ನಾಮಿನಲ್ಲಿ, ಬ್ರೆಜಿಲ್‌ನಲ್ಲಿ ಬರ ಬಿದ್ದು ರೋಬಸ್ಟಾ ದರ ಗಗನಕ್ಕೇರಿದ್ದು ನಿಜ. ಇಲ್ಲಿ ಬೀಜ ಕೊಳ್ಳುವುದೇ ಕಷ್ಟವಾಗಿತ್ತು. ಆದರೆ ಲೋಡ್ ಹಾಕುವ ದಿನ ಅಂಗಡಿ ಹುಡುಗ ಫೋನಿನಲ್ಲಿ ದರ ಹೇಳಿದ್ದು ಸರಿಯಲ್ಲ. ನೀವಾದರೂ ರಾತ್ರೋರಾತ್ರಿ ಬೋರ್ಡಿನಲ್ಲಿ ಕಾಫಿ ರೇಟು ಬದಲಿಸಲು ಆಗುತ್ತದೆಯೇ? ಎಂಟು ದಿನ ಮೊದಲೇ ತಿಳಿಸಬೇಕಿತ್ತು. ಈಗ ಹಾಗೇ ಮಾಡುತ್ತಿದ್ದೇವೆ.

ನೀವು ಪುಡಿ ತರಿಸುವುದು ನಿಲ್ಲಿಸಿದ್ದು ಇದಕ್ಕೇ ಎಂದು ನಾನು ಊಹಿಸುತ್ತಿಲ್ಲ. ಅದು ನಿಮ್ಮ ಹೋಟೆಲಿನ ವಿಚಾರ. ಬೇರೆ ಕಡೆಯ ಪುಡಿ ನಿಮ್ಮ ಗಿರಾಕಿಗಳ ನಾಲಿಗೆಗೆ ಹಿಡಿಸಿದ್ದರೆ ಅದನ್ನು ಬದಲಿಸಿ ಎನ್ನುವುದಕ್ಕೆ ನನಗೇ ಮನಸ್ಸು ಬರುವುದಿಲ್ಲ. ರುಚಿ ಬದಲಾದರೆ ಬೆಳಗಿನ ಐದು ಗಂಟೆಯ ಗಿರಾಕಿ ಮೊದಲು ಕೇಳುವುದು ನಿಮ್ಮನ್ನೇ.

ಇಲ್ಲಿನ ಸಂಗತಿ ಮಾತ್ರ ಹೇಳಿಬಿಡುತ್ತೇನೆ. ನಿಮಗೆ ಕಳಿಸುತ್ತಿದ್ದ 70:30 ಪುಡಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ. ದರ ಏರಿದಾಗ ಚಿಕೋರಿ ಜಾಸ್ತಿ ಮಾಡಿ ಎಂದು ಹೇಳಿದವರು ಬಹಳ ಜನ. ಕಾಫಿ ಕನಿಷ್ಠ 51 ಭಾಗ ಇದ್ದು, ಎಷ್ಟಿದೆ ಎಂದು ಪ್ಯಾಕೆಟ್ ಮೇಲೆ ಬರೆದರೆ ಕಾನೂನು ಒಪ್ಪುತ್ತದೆ. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಕಾಣುತ್ತದೆ, ಆದರೆ ಹಾಲು ಬಿದ್ದೊಡನೆ ಕಾಫಿಯ ರುಚಿ ಹಿಂದೆ ಸರಿಯುತ್ತದೆ. ಅಪ್ಪ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಅದರ ಬದಲು ಕಾಫಿಯ ಪಾಲಿನಲ್ಲೇ ಅರೇಬಿಕಾ ಸ್ವಲ್ಪ ಇಳಿಸಿ, ರೋಬಸ್ಟಾ ಪೀಬೆರಿ ಏರಿಸಿ ಇನ್ನೊಂದು ಮಿಶ್ರಣ ಮಾಡಿದ್ದೇವೆ. ಘಮ ಒಂದು ತೂಕ ಕಡಿಮೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಹಾಲಿಗೆ ಚೆನ್ನಾಗಿ ನಿಲ್ಲುತ್ತದೆ, ಎರಡನೇ ಡಿಕಾಕ್ಷನ್ನೂ ತೀರಾ ನೀರಾಗುವುದಿಲ್ಲ.

ಇವತ್ತಿನ ದರ: ಹಳೆಯದು ಕೆಜಿಗೆ 590, ಹೊಸದು 540. ನೀವು ಕೊನೆಗೆ ಕೊಟ್ಟದ್ದು 480. ಕೆಜಿಗೆ ನೂರು ಲೋಟ ಎಂದು ಹಿಡಿದರೆ ಹಳೆಯ ಪುಡಿಯಲ್ಲಿ ಲೋಟಕ್ಕೆ ಒಂದು ರೂಪಾಯಿ ಹತ್ತು ಪೈಸೆ ಹೆಚ್ಚು ಬೀಳುತ್ತದೆ, ಹೊಸದರಲ್ಲಿ ಅರವತ್ತು ಪೈಸೆ. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿದ ಮೇಲೆ ಈ ಪೈಸೆಗಳೂ ಭಾರವೇ ಎಂದು ಗೊತ್ತು. ಈ ದರ ಜನವರಿ ಕೊನೆಯವರೆಗೆ ಬದಲಾಗುವುದಿಲ್ಲ. ಆಮೇಲಿನದ್ದು ಹೊಸ ಫಸಲು ನೋಡಿಯೇ ಹೇಳಬೇಕು. ಈ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿಯಿತಲ್ಲ.

ಸ್ಯಾಂಪಲ್ ಕಳಿಸೋಣ ಎಂದು ಅಪ್ಪ ಅಂದರು. ಕೇಳದೆ ಕಳಿಸಿದರೆ ನಿಮಗೆ ದಾಕ್ಷಿಣ್ಯಕ್ಕೆ ಸಿಕ್ಕಿಸಿದ ಹಾಗಾಗುತ್ತದೆ ಎಂದು ನಾನೇ ಬೇಡವೆಂದೆ. ನೋಡಬೇಕು ಅನ್ನಿಸಿದರೆ ತಿಳಿಸಿ, ಎರಡೂ ಬಗೆಯಲ್ಲಿ ಕಾಲು ಕೆಜಿ ಬಸ್ಸಿಗೆ ಹಾಕುತ್ತೇನೆ. ಮೊದಲಿನಂತೆ ಮಂಗಳವಾರ, ಶುಕ್ರವಾರ ಹುರಿಯುತ್ತೇವೆ. ಹಿಂದಿನ ಸಂಜೆಯೊಳಗೆ ಹೇಳಿದರೆ ಮಾರನೇ ದಿನ ನಿಮ್ಮ ಕೈಗೆ ಸೇರುತ್ತದೆ. ಈಗ ಪ್ಯಾಕೆಟ್‌ಗಳನ್ನು ಗೋಣಿಯಲ್ಲಲ್ಲ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತೇವೆ. ಬೇಡವಾದರೆ ಬೇಡ ಎಂದು ಬರೆಯುವ ಶ್ರಮವೂ ಬೇಕಿಲ್ಲ. ಇದರ ಬಗ್ಗೆ ನಾನು ಮತ್ತೆ ಫೋನ್ ಮಾಡುವುದಿಲ್ಲ.

ಆದರೆ 960 ತಲುಪಿತೇ ಎಂಬುದನ್ನು ಮಾತ್ರ ಒಂದು ಸಾಲು ಹಾಕಿ, ಪುಸ್ತಕದಲ್ಲಿ ಹೊಡೆದು ಹಾಕುತ್ತೇನೆ.

ಅಪ್ಪನಿಗೆ ಮೊಣಕಾಲು ನೋವು, ಬೆಳಿಗ್ಗೆ ಮಾತ್ರ ಅಂಗಡಿಗೆ ಬರುತ್ತಾರೆ. ನಿಮ್ಮ ಬೆಣ್ಣೆದೋಸೆ ನೆನಪಿಸಿಕೊಂಡರು.

ಇಂತಿ,
ಗೌಡ್ರ ಮಗಳು