ವಿಷಯ: ಮಂಗಳವಾರದ ಸಂದರ್ಶನ ಮತ್ತು ನಿಮ್ಮ ಫೋನ್ ಕರೆಗೆ ಧನ್ಯವಾದ

ಮೇಡಂ, ನಮಸ್ಕಾರ.

ಖರೀದಿ ವಿಭಾಗದ ಕ್ವಾಲಿಟಿ ಅಸಿಸ್ಟೆಂಟ್ ಕೆಲಸಕ್ಕೆ ಕುಶಾಲನಗರದಲ್ಲಿ ನಿಮ್ಮ ಮುಂದೆ ಸಂದರ್ಶನಕ್ಕೆ ಕೂತಿದ್ದ ದಿವ್ಯಾ ನಾನು, ಸುಂಟಿಕೊಪ್ಪದವಳು. ಆಯ್ಕೆ ಆಗಿಲ್ಲ ಅಂತ ಗುರುವಾರ ನೀವೇ ಫೋನ್ ಮಾಡಿ ತಿಳಿಸಿದಿರಿ. ಬೇಜಾರಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಲ್ಲಿ ಎಡವಿದೆ ಅಂತ ಹತ್ತು ನಿಮಿಷ ಬಿಡಿಸಿ ಹೇಳಿದಿರಲ್ಲ, ಇದಕ್ಕೆ ಮೊದಲು ಹೋದ ಎರಡು ಕಡೆ ನನಗೆ ಅದು ಸಿಕ್ಕಿರಲಿಲ್ಲ. ಒಂದು ಕಡೆಯಿಂದ ಉತ್ತರವೇ ಬರಲಿಲ್ಲ. ಅದಕ್ಕೇ ಮನಸಾರೆ ಧನ್ಯವಾದ ಹೇಳೋಣ ಅಂತ ಈ ಮೇಲ್ ಬರೆಯುತ್ತಿದ್ದೇನೆ.

ಅವತ್ತು ನೀವು ಒಂದು ಹಿಡಿ ರೊಬಸ್ಟಾ ಚೆರಿ ಕೊಟ್ಟು "ಹೇಗಿದೆ?" ಅಂತ ಕೇಳಿದಿರಿ. ನಾನು ಬಣ್ಣ ನೋಡಿದೆ, ಚೆನ್ನಾಗಿ ಒಣಗಿದೆ ಅಂದುಬಿಟ್ಟೆ. "ಇದು ಚೀಲದ ಯಾವ ಭಾಗದ್ದು ಅಂತ ನೀನು ಕೇಳಲೇ ಇಲ್ಲ" ಅಂತ ನೀವು ಫೋನಲ್ಲಿ ಹೇಳಿದ್ದು ಆಮೇಲೆ ತಲೆಯಲ್ಲೇ ಕೂತುಬಿಟ್ಟಿತು. ಕಾಫಿ ತೋಟದ ಮನೆಯಲ್ಲೇ ಬೆಳೆದಿದ್ದೇನೆ, ಕಣದಲ್ಲಿ ಕಾಫಿ ತಿರುವಿದ್ದೇನೆ. ಆದರೂ ಆ ಪ್ರಶ್ನೆ ಹೊಳೆಯಲಿಲ್ಲ.

ಭಾನುವಾರ ಅಪ್ಪ ಗೋಡೌನ್‌ನಲ್ಲಿ ಇಟ್ಟಿದ್ದ ಒಂದು ಚೀಲ ಬಿಚ್ಚಿದೆ. ಮೇಲಿಂದ ಒಂದು ಹಿಡಿ, ನಡುವಿಂದ ಒಂದು ಹಿಡಿ, ಬುಡದಿಂದ ಒಂದು ಹಿಡಿ ಬೇರೆ ಬೇರೆ ತೆಗೆದೆ. ಮೇಲಿನದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನುತ್ತಿತ್ತು. ಬುಡದ್ದು ಸದ್ದೇ ಇಲ್ಲ. ಚೀಲವನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು, ಕೆಳಗೆ ಹಲಗೆಯೂ ಇರಲಿಲ್ಲ, ತೇವ ಎಳೆದುಕೊಂಡಿತ್ತು. ಬರೀ ಮೇಲಿನ ಹಿಡಿ ನೋಡಿದ್ದರೆ ಇಡೀ ಚೀಲಕ್ಕೆ ಒಳ್ಳೇ ಮಾರ್ಕ್ ಕೊಟ್ಟಿರುತ್ತಿದ್ದೆ. ನೀವು ಹೇಳಿದ್ದು ಇದನ್ನೇ ಅಲ್ವಾ?

ಎರಡನೆಯ ಮಾತು ಇನ್ನೂ ಜಾಸ್ತಿ ಉಪಯೋಗಕ್ಕೆ ಬಂತು. ಓಟಿ ಕಡಿಮೆ ಬಂದಾಗ ಬೆಳೆಗಾರರಿಗೆ ಹೇಗೆ ಹೇಳುತ್ತೀಯ ಅಂತ ಕೇಳಿದ್ದಿರಿ. ನಾನು ಲೆಕ್ಕದ ಸೂತ್ರ ಒಪ್ಪಿಸಿದೆ. "ಅವರಿಗೆ ಸೂತ್ರ ಬೇಡ, ಅವರ ಕಣ್ಣೆದುರೇ ತೂಕ ಮಾಡಿ ತೋರಿಸು" ಅಂದಿರಿ. ಆ ಮೂರೂ ಹಿಡಿ ಬೆರೆಸಿ, ಅದರಲ್ಲಿ 100 ಗ್ರಾಂ ತೂಗಿ, ಕೈಯಲ್ಲೇ ಸುಲಿದೆ. ಉಗುರೆಲ್ಲ ಕಪ್ಪಾಯಿತು. ಬೀಜ 52 ಗ್ರಾಂ ಬಂತು. ಪಕ್ಕದ ತೋಟದ ಮಾವ ಅಲ್ಲೇ ಕೂತಿದ್ದರು. "50 ಕಿಲೋ ಚೀಲಕ್ಕೆ 26 ಕಿಲೋ ಬೀಜ ಮಾವ, ಅದಕ್ಕೇ ಓಟಿ 26" ಅಂದೆ. ಅವರು ತಕ್ಕಡಿಯನ್ನೇ ನೋಡುತ್ತಿದ್ದರು. ಒಂದು ಓಟಿ ಹೋದರೆ ಚೀಲಕ್ಕೆ ಒಂದು ಕಿಲೋ ಬೀಜದ ದುಡ್ಡು ಹೋದಂತೆ, ಅದು ಅವರಿಗೆ ಚೆನ್ನಾಗಿ ಗೊತ್ತು. "ನಂದೂ ಒಂದು ಸಲ ಹೀಗೆ ಮಾಡಿ ತೋರಿಸು" ಅಂದರು. ಜಗಳ ಮಾಡಲಿಲ್ಲ, ಅನುಮಾನ ಪಡಲಿಲ್ಲ. ನೀವು ಹೇಳಿಕೊಟ್ಟಿರದಿದ್ದರೆ ನಾನು ಮತ್ತೆ ಸೂತ್ರವನ್ನೇ ಹೇಳುತ್ತಿದ್ದೆ.

ಎಕ್ಸೆಲ್ ವಿಚಾರದಲ್ಲೂ ನೀವು ಹೇಳಿದ್ದು ಸರಿ, ದಿನಾ ಸಂಜೆ ಕಲಿಯುತ್ತಿದ್ದೇನೆ. ಕಾಫಿ ಬೋರ್ಡ್ ನಡೆಸುವ ಕಾಫಿ ಕ್ವಾಲಿಟಿ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಬಗ್ಗೆಯೂ ತಿಳಿಸಿದಿರಿ. ಈ ವರ್ಷ ಮನೆ ಬಿಟ್ಟು ಹೋಗುವುದು ಕಷ್ಟ, ಮುಂದಿನ ವರ್ಷ ಅರ್ಜಿ ಹಾಕುವ ಆಸೆ ಇದೆ. ಅಲ್ಲಿಯವರೆಗೆ ನಮ್ಮ ಸುತ್ತಲಿನ ತೋಟಗಳಲ್ಲಿ ಚೀಲ ಬಿಚ್ಚಿ, ತೂಗಿ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ.

ನಿಮ್ಮ ತೀರ್ಮಾನವನ್ನು ಮತ್ತೆ ನೋಡಿ ಅಂತ ಕೇಳಲು ಇದನ್ನು ಬರೆದಿಲ್ಲ. ಆ ಕೆಲಸಕ್ಕೆ ಅನುಭವ ಇರುವವರೇ ಬೇಕಿತ್ತು ಅಂತ ನನಗೂ ಅರ್ಥವಾಗಿದೆ, ಆಯ್ಕೆಯಾದವರಿಗೆ ಒಳ್ಳೆಯದಾಗಲಿ. ಆದರೆ ನಿಮ್ಮ ಜೊತೆ ಕೆಲಸ ಕಲಿಯಬೇಕು ಅನ್ನುವ ಆಸೆ ಸಂದರ್ಶನಕ್ಕೆ ಮೊದಲಿಗಿಂತ ಈಗ ಜಾಸ್ತಿಯಾಗಿದೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ, ಚೀಲಗಳು ಬರತೊಡಗಿದಾಗ ಸೀಸನ್‌ಗೆ ಅಂತ ಸ್ಯಾಂಪಲ್ ತೆಗೆಯಲು ಜನ ಬೇಕಾದರೆ ದಯವಿಟ್ಟು ನನ್ನನ್ನು ನೆನಪಿಸಿಕೊಳ್ಳಿ. ಮೂರ್ನಾಲ್ಕು ತಿಂಗಳ ಕೆಲಸವಾದರೂ ಸರಿ, ಸುಂಟಿಕೊಪ್ಪದಿಂದ ದಿನಾ ಬಸ್ಸಲ್ಲಿ ಬಂದು ಹೋಗುತ್ತೇನೆ.

ನಿಮಗೆ ಅಡ್ಡಿಯಿಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಒಂದು ಸಲ ಮೇಲ್ ಮಾಡುತ್ತೇನೆ. ಆಗ ನೋಟ್‌ಬುಕ್‌ನ ಪುಟಗಳ ಫೋಟೋ ಕಳಿಸಲಾ? ತಪ್ಪಿದ್ದಲ್ಲಿ ಒಂದು ಗೀಟು ಹಾಕಿ ಕಳಿಸಿದರೂ ಸಾಕು.

ವಂದನೆಗಳೊಂದಿಗೆ,
ದಿವ್ಯಾ
ಸುಂಟಿಕೊಪ್ಪ, ಕೊಡಗು